ಸ್ಪೆಲ್ ಚೆಕ್ ದಾಟಿ ಹೋಗುವ ತಪ್ಪುಗಳು: ಇಮೇಲ್ ವಿಳಾಸ, ಲಿಂಕ್, ಫೋನ್ ನಂಬರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರಪತ್ರ, ಕೈಪಿಡಿ, ವರದಿ, ಸುತ್ತೋಲೆ ಇಂಥವನ್ನು ಹೊರಗೆ ಬಿಡುವ ಮೊದಲು ಕರಡು ನೋಡುವವರು ಕೇಳುವ ಪ್ರಶ್ನೆಗಳು ಇವು. ಮಾದರಿಗೆ ಬಳಸಿದ ವಿಳಾಸ, ನಂಬರ್ ಯಾವುವೂ ನಿಜವಾದ ವ್ಯಕ್ತಿಯವಲ್ಲ. ಅವನ್ನೇ ಯಾಕೆ ಆರಿಸಿದೆ ಎಂಬುದು ಮುಂದೆ ಒಂದು ಪ್ರಶ್ನೆಯಲ್ಲಿದೆ.

ಸ್ಪೆಲ್ ಚೆಕ್ಕರ್ ಇಂಥ ತಪ್ಪನ್ನು ಯಾಕೆ ತೋರಿಸುವುದಿಲ್ಲ?

ಮೊದಲನೆಯದಾಗಿ, ಅದಕ್ಕೆ ನೋಡಬೇಡ ಅಂತ ಹೇಳಿಟ್ಟಿರುತ್ತಾರೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ `File > Options > Proofing` ಒಳಗೆ ಹೋಗಿ ನೋಡಿ. `Ignore Internet and file addresses` ಅಂತ ಒಂದು ಆಯ್ಕೆ ಇದೆ, `Ignore words that contain numbers` ಅಂತ ಇನ್ನೊಂದು. ಸಾಮಾನ್ಯವಾಗಿ ಎರಡಕ್ಕೂ ಮೊದಲೇ ಟಿಕ್ ಹಾಕಿರುತ್ತದೆ. ಹಾಗಾಗಿ ವಿಳಾಸ ಎಷ್ಟೇ ಕೆಟ್ಟಿದ್ದರೂ ಅದರ ಕೆಳಗೆ ಕೆಂಪು ಗೆರೆ ಬರುವುದಿಲ್ಲ. ಗೆರೆ ಇಲ್ಲ ಅಂದರೆ ಸರಿಯಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಗೆರೆ ಇಲ್ಲ ಅಂದರೆ ಯಾರೂ ನೋಡಿಲ್ಲ ಅಂತ ಅರ್ಥ.

ಆ ಟಿಕ್ ತೆಗೆದುಬಿಟ್ಟರೆ ಆಯ್ತಲ್ವಾ?

ಆಗುವುದಿಲ್ಲ. ಟಿಕ್ ತೆಗೆದರೆ ಸರಿಯಾದ ವಿಳಾಸಕ್ಕೂ ಕೆಂಪು ಗೆರೆ, ತಪ್ಪಾದದ್ದಕ್ಕೂ ಕೆಂಪು ಗೆರೆ. ಸ್ಪೆಲ್ ಚೆಕ್ಕರ್ ಪದವನ್ನು ನಿಘಂಟಿನ ಜೊತೆ ಹೋಲಿಸುತ್ತದೆ. ನಿಮ್ಮ ಸಂಸ್ಥೆಯ ಇಮೇಲ್ ಯಾವ ನಿಘಂಟಿನಲ್ಲೂ ಇಲ್ಲ. ಹೋಲಿಸುವುದಕ್ಕೆ ಒಂದು ಮೂಲ ಬೇಕು, ಅದನ್ನು ನೀವೇ ಒದಗಿಸಬೇಕು. ಈ ಪುಟದಲ್ಲಿ ಮುಂದೆ ಬರುವುದೆಲ್ಲ ಆ ಮೂಲವನ್ನು ಎಲ್ಲಿಂದ ತರುವುದು, ಅದರ ಜೊತೆ ಹೇಗೆ ತಾಳೆ ನೋಡುವುದು ಎಂಬುದರ ಬಗ್ಗೆಯೇ.

ಮೂಲ ಅಂತ ಯಾವುದನ್ನು ನಂಬಬೇಕು?

ಹಿಂದಿನ ವರ್ಷದ ಕರಪತ್ರವನ್ನಂತೂ ಅಲ್ಲ. ಅದರಲ್ಲಿ ತಪ್ಪಿದ್ದರೆ ಈ ವರ್ಷವೂ ಅದೇ ತಪ್ಪು ಮುಂದುವರಿಯುತ್ತದೆ. ಫೋನಿನಲ್ಲಿ ಕೇಳಿ ಬರೆದುಕೊಂಡ ಚೀಟಿಯೂ ಬೇಡ. ಫೋನಿನಲ್ಲಿ ಬಿ ಮತ್ತು ಡಿ, ಎಂ ಮತ್ತು ಎನ್ ಒಂದೇ ಥರ ಕೇಳಿಸುತ್ತವೆ.

ಇಮೇಲಿಗೆ ಒಳ್ಳೆಯ ದಾರಿ ಒಂದಿದೆ. ಆ ವಿಳಾಸ ಯಾರದ್ದೋ ಅವರಿಗೆ, ಅದೇ ಪೆಟ್ಟಿಗೆಯಿಂದ ನಿಮಗೊಂದು ಮೇಲ್ ಕಳಿಸಿ ಅಂತ ಹೇಳಿ. ಬಂದ ಇಮೇಲಿನ `From` ಸಾಲಿನಿಂದ ವಿಳಾಸವನ್ನು ಕಾಪಿ ಮಾಡಿಕೊಳ್ಳಿ. ನಂಬರಿಗೂ ಹಾಗೇ: ಅವರು ನಿಮಗೆ ಒಂದು ಕರೆ ಮಾಡಲಿ, ಬಂದ ಕರೆಯ ಪಟ್ಟಿಯಿಂದ ನಂಬರ್ ತೆಗೆದುಕೊಳ್ಳಿ. ಲಿಂಕನ್ನು ಬ್ರೌಸರಿನಲ್ಲಿ ಪುಟ ತೆರೆದು ಮೇಲಿನ ವಿಳಾಸಪಟ್ಟಿಯಿಂದ ಎತ್ತಿಕೊಳ್ಳಿ. ಮೂರರಲ್ಲೂ ಯಾರೂ ಏನನ್ನೂ ಟೈಪ್ ಮಾಡಿಲ್ಲ ಎಂಬುದು ಮುಖ್ಯ. ಇವನ್ನೆಲ್ಲ ಒಂದು ಸಾದಾ ಪಠ್ಯದ ಫೈಲಿನಲ್ಲಿ ಇಟ್ಟುಕೊಂಡರೆ ಅದೇ ನಿಮ್ಮ ಮೂಲ ಪಟ್ಟಿ.

ನಾನು ಎರಡೆರಡು ಸಲ ಓದುತ್ತೇನೆ. ಅಷ್ಟು ಸಾಲದೇ?

ಸಾಲದು, ಅದರಲ್ಲೂ ಬರೆದವರೇ ಓದಿದರೆ. ಗೊತ್ತಿರುವ ವಿಳಾಸವನ್ನು ಕಣ್ಣು ಅಕ್ಷರ ಅಕ್ಷರವಾಗಿ ಓದುವುದಿಲ್ಲ. ಇರಬೇಕಾದದ್ದನ್ನೇ ಅಲ್ಲಿ ನೋಡಿಬಿಡುತ್ತದೆ. ಜೊತೆಗೆ ಕೆಲವು ತಪ್ಪುಗಳು ಎಷ್ಟು ಸಲ ಓದಿದರೂ ಕಾಣುವ ಹಾಗೇ ಇರುವುದಿಲ್ಲ. ಸಣ್ಣ ಅಕ್ಷರದ `l`, ದೊಡ್ಡ ಅಕ್ಷರದ `I`, ಅಂಕಿ `1` ಇವು ಅನೇಕ ಫಾಂಟ್‌ಗಳಲ್ಲಿ ಬರೀ ಒಂದು ಕಡ್ಡಿ. `r` ಮತ್ತು `n` ಪಕ್ಕಪಕ್ಕ ಬಂದರೆ `m` ಆಗುತ್ತದೆ. `O` ಮತ್ತು `0` ಕಥೆ ಎಲ್ಲರಿಗೂ ಗೊತ್ತು. ಇನ್ನು ಅಂಡರ್‌ಸ್ಕೋರ್: ಲಿಂಕಿಗೆ ತಾನಾಗಿಯೇ ಅಡಿಗೆರೆ ಬರುತ್ತದಲ್ಲ, ಆ ಗೆರೆಯಲ್ಲಿ `_` ಮುಳುಗಿಹೋಗಿ ಅಲ್ಲಿ ಖಾಲಿ ಜಾಗ ಇದ್ದಂತೆ ಕಾಣುತ್ತದೆ.

ಓದಲೇಬೇಕಾದರೆ ಫಾಂಟ್ ಬದಲಿಸಿ ಓದಿ. ಆ ಸಾಲನ್ನು ಕಾಪಿ ಮಾಡಿ, ಕೋಡ್ ಬರೆಯುವವರು ಬಳಸುವ ಸಮ ಅಗಲದ ಫಾಂಟ್‌ನಲ್ಲಿ ದೊಡ್ಡದಾಗಿ ಇಟ್ಟು, ಅಡಿಗೆರೆ ತೆಗೆದು ನೋಡಿ. ಅಂಥ ಫಾಂಟ್‌ಗಳಲ್ಲಿ `l`, `I`, `1` ಬೇರೆಬೇರೆಯಾಗಿ ಕಾಣುವ ಹಾಗೆ ಬರೆದಿರುತ್ತಾರೆ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಓದುವುದಕ್ಕಿಂತ ಹುಡುಕುವುದು ಮೇಲು.

ಹುಡುಕುವುದು ಅಂದರೆ ಹೇಗೆ? ಒಂದು ಉದಾಹರಣೆ ಕೊಡಿ.

ಎಂಟು ಪುಟದ ಒಂದು ಕೈಪಿಡಿ ಇದೆ ಅಂತಿಟ್ಟುಕೊಳ್ಳಿ. ನೋಂದಣಿಯ ಇಮೇಲ್ `nondani@example.com`. ಅದು ಕೈಪಿಡಿಯಲ್ಲಿ ಆರು ಕಡೆ ಬರಬೇಕು. ಬೇರೆ ಯಾವ ಇಮೇಲೂ, ಲಿಂಕೂ ಇಲ್ಲ. ಆರು ಕಡೆಯೂ ಹೀಗಿದೆ (ಎಲ್ಲ ಬಗೆಯ ತಪ್ಪೂ ಕಾಣಲಿ ಅಂತ ಒಂದೇ ಕೈಪಿಡಿಯಲ್ಲಿ ಸೇರಿಸಿದ್ದೇನೆ):

```
ಪುಟ 1  nondani@example.com
ಪುಟ 2  nondani@example.com
ಪುಟ 4  nondani@example,com
ಪುಟ 5  nondani2example.com
ಪುಟ 7  nondani@exmaple.com
ಪುಟ 8  nondani@example.comm
```

ಮೊದಲ ಹುಡುಕಾಟ: ಮೂಲ ಪಟ್ಟಿಯಿಂದ ಪೂರ್ತಿ ವಿಳಾಸ ಕಾಪಿ ಮಾಡಿ, `Ctrl+F` ಒತ್ತಿ ಅಂಟಿಸಿ. ಟೈಪ್ ಮಾಡಬೇಡಿ. ಎಷ್ಟು ಕಡೆ ಸಿಕ್ಕಿತು ಅಂತ ಅದೇ ಎಣಿಸಿ ಹೇಳುತ್ತದೆ. ಇಲ್ಲಿ ಮೂರು: ಪುಟ 1, 2 ಮತ್ತು 8.

ಎರಡನೆಯದು: ಬರೀ `@` ಹುಡುಕಿ. ಐದು ಸಿಗುತ್ತವೆ: 1, 2, 4, 7, 8. ಮೂರಕ್ಕೂ ಐದಕ್ಕೂ ತಾಳೆಯಾಗಲಿಲ್ಲ. ಹೆಚ್ಚುವರಿ ಎರಡು ತಪ್ಪಾಗಿವೆ ಅಂತ ಇಲ್ಲೇ ಗೊತ್ತಾಯಿತು. ಪುಟ 4ರಲ್ಲಿ ಚುಕ್ಕಿಯ ಬದಲು ಅಲ್ಪವಿರಾಮ, ಪುಟ 7ರಲ್ಲಿ `a` ಮತ್ತು `m` ಅದಲುಬದಲು.

ಇಲ್ಲಿಗೇ ನಿಲ್ಲಿಸಿದರೆ ಪುಟ 5 ತಪ್ಪಿಸಿಕೊಳ್ಳುತ್ತದೆ. ಅಲ್ಲಿ `@` ಇಲ್ಲವೇ ಇಲ್ಲ. ಬಹಳಷ್ಟು ಕೀಬೋರ್ಡ್‌ಗಳಲ್ಲಿ `@` ಮತ್ತು `2` ಒಂದೇ ಕೀಲಿಯ ಮೇಲಿವೆ, ಶಿಫ್ಟ್ ಸರಿಯಾಗಿ ಒತ್ತದಿದ್ದರೆ `2` ಬೀಳುತ್ತದೆ. ಅದಕ್ಕೇ ಮೂರನೆಯ ಹುಡುಕಾಟ: `example` ಅಂತ ಡೊಮೇನಿನ ಹೆಸರು ಮಾತ್ರ. ಮತ್ತೆ ಐದೇ ಸಿಗುತ್ತವೆ. ಐದಕ್ಕೆ ಐದು ಸರಿಹೋಯಿತು ಅಂತ ಸಮಾಧಾನ ಪಡಬೇಡಿ. ಈ ಸಲದ ಐದು ಬೇರೆ: 1, 2, 4, 5, 8. ಪುಟ 7 ಬಿಟ್ಟುಹೋಗಿ ಪುಟ 5 ಸೇರಿಕೊಂಡಿದೆ. ಎಣಿಕೆ ಒಂದೇ ಆದರೆ ಸಾಲದು, ಪುಟಗಳೂ ಅವೇ ಆಗಿರಬೇಕು.

ಇನ್ನು ಪುಟ 8. ಅದು ಎಲ್ಲ ಹುಡುಕಾಟದಲ್ಲೂ ಸರಿಯಾದದ್ದರ ಜೊತೆ ಬಂತು. ಯಾಕೆಂದರೆ `example.comm` ಒಳಗೆ `example.com` ಪೂರ್ತಿಯಾಗಿ ಇದೆ. ಹಿಂದೋ ಮುಂದೋ ಒಂದು ಅಕ್ಷರ ಜಾಸ್ತಿ ಇರುವ ತಪ್ಪನ್ನು ಹುಡುಕಾಟ ಹಿಡಿಯುವುದಿಲ್ಲ. ಹಾಗಾಗಿ ಪೂರ್ತಿ ವಿಳಾಸ ಸಿಕ್ಕ ಕಡೆಯೆಲ್ಲ ಬಣ್ಣ ಬಂದ ಭಾಗದ ಎರಡೂ ತುದಿ ನೋಡಿ. ಬಣ್ಣ ನಿಂತ ಮೇಲೆ ಯಾವುದಾದರೂ ಅಕ್ಷರ ಅಂಟಿಕೊಂಡಿದ್ದರೆ ಅದೇ ತಪ್ಪು.

ನನ್ನ ಹತ್ತಿರ ನೂರಾರು ಫೈಲುಗಳಿವೆ. ಒಂದೊಂದಾಗಿ ಹೇಗೆ ಮಾಡಲಿ?

ಸಾದಾ ಪಠ್ಯದ ಫೈಲುಗಳಾದರೆ ಲಿನಕ್ಸ್ ಅಥವಾ ಮ್ಯಾಕ್ ಟರ್ಮಿನಲ್ಲಿನಲ್ಲಿ ಈ ಒಂದು ಸಾಲು ಸಾಕು:

```
grep -oh '[^ ]*@[^ ]*' *.txt | sort | uniq -c | sort -n
```

`@` ಇರುವ ಪ್ರತಿ ತುಣುಕನ್ನೂ ಎತ್ತಿ, ಒಂದೇ ಥರದವನ್ನು ಒಟ್ಟಿಗೆ ಎಣಿಸಿ, ಕಡಿಮೆ ಸಲ ಬಂದದ್ದನ್ನು ಮೇಲೆ ಇಡುತ್ತದೆ. ಒಂದು ವಿಳಾಸ 60 ಸಲ ಬಂದು, ಅದನ್ನೇ ಹೋಲುವ ಇನ್ನೊಂದು ಒಂದೇ ಸಲ ಬಂದಿದ್ದರೆ ಆ ಒಂಟಿಯ ಮೇಲೆ ಮೊದಲು ಕಣ್ಣಿಡಿ.

ಇಮೇಲ್ ಹುಡುಕುವುದಕ್ಕೆ ಅಂತ ಉದ್ದುದ್ದದ ಮಾದರಿಗಳು ಸಿಗುತ್ತವೆ. ಚುಕ್ಕಿ ಇರಬೇಕು, ಕೊನೆಗೆ ಎರಡಾದರೂ ಅಕ್ಷರ ಇರಬೇಕು ಅಂತೆಲ್ಲ ಅವು ಕಟ್ಟುನಿಟ್ಟು. ಈ ಕೆಲಸಕ್ಕೆ ಅವು ಬೇಡ. ಕಟ್ಟುನಿಟ್ಟಾದ ಮಾದರಿ ಸರಿಯಾದ ವಿಳಾಸಗಳನ್ನಷ್ಟೇ ಆರಿಸಿಕೊಳ್ಳುತ್ತದೆ, ಮುರಿದದ್ದನ್ನು ಬಿಟ್ಟು ಮುಂದೆ ಹೋಗುತ್ತದೆ. ನಮಗೆ ಬೇಕಾದದ್ದು ಮುರಿದದ್ದೇ ಅಲ್ವಾ? ಅದಕ್ಕೇ ಮೇಲಿನ ಸಾಲು ಬೇಕಂತಲೇ ಸಡಿಲವಾಗಿದೆ. ಆವರಣ, ಪೂರ್ಣವಿರಾಮ ಅಂಟಿಕೊಂಡು ಬರುತ್ತವೆ, ಬರಲಿ.

ಕನ್ನಡದಲ್ಲಿ ಬರೆಯುವಾಗ ಬೇರೆ ಏನಾದರೂ ಗಮನಿಸಬೇಕಾ?

ಹೌದು, ಮೂರು ಸಂಗತಿ.

ಒಂದು, ವಿಭಕ್ತಿ. ನಾವು `nondani@example.comಗೆ` ಬರೆಯಿರಿ ಅಂತ ಪ್ರತ್ಯಯವನ್ನು ಅಂಟಿಸಿಯೇ ಬರೆಯುತ್ತೇವೆ. ಡೊಮೇನ್ ಹೆಸರುಗಳಲ್ಲಿ ಈಗ ಇಂಗ್ಲಿಷ್ ಅಲ್ಲದ ಲಿಪಿಗಳಿಗೂ ಅವಕಾಶ ಇದೆ. ಹಾಗಾಗಿ ತಾನಾಗಿ ಲಿಂಕ್ ಮಾಡುವ ಕೆಲವು ಆ್ಯಪ್‌ಗಳು ಆ "ಗೆ"ಯನ್ನೂ ವಿಳಾಸದೊಳಗೆ ಸೇರಿಸಿಕೊಳ್ಳುತ್ತವೆ. ಓದುಗ ಒತ್ತಿದರೆ ಮೇಲ್ ಎಲ್ಲಿಗೂ ಹೋಗುವುದಿಲ್ಲ. ಒಂದು ಜಾಗ ಬಿಡಿ, ಇಲ್ಲವೇ ವಾಕ್ಯವನ್ನೇ ತಿರುಗಿಸಿ, "ಬರೆಯಬೇಕಾದ ವಿಳಾಸ:" ಅಂತ ಹಾಕಿ ಮುಂದೆ ವಿಳಾಸ ಕೊಡಿ.

ಎರಡು, ಕಾಣದ ಅಕ್ಷರ. ಕನ್ನಡದಲ್ಲಿ ಅರ್ಧಾಕ್ಷರ ಬಿಡಿಸಿ ಬರೆಯುವಾಗ ಅಗಲವೇ ಇಲ್ಲದ ಒಂದು ಗುರುತು ಬಳಸುತ್ತೇವೆ, ಯುನಿಕೋಡ್‌ನಲ್ಲಿ ಅದು `U+200C`. ಕೀಬೋರ್ಡ್ ಬದಲಿಸುವ ಗಡಿಬಿಡಿಯಲ್ಲಿ ಅದು ಇಂಗ್ಲಿಷ್ ವಿಳಾಸದೊಳಗೆ ಸೇರಿಬಿಡಬಹುದು. ನೋಡಲು ಎಲ್ಲ ಸರಿ, ಆದರೆ ವಿಳಾಸ ಕೆಟ್ಟಿದೆ. ಪತ್ತೆ ಮಾಡಲು ಕರ್ಸರನ್ನು ವಿಳಾಸದ ಮೊದಲಿಗಿಟ್ಟು ಬಲಬಾಣದ ಕೀಲಿ ಒಂದೊಂದಾಗಿ ಒತ್ತಿ. ಎಲ್ಲಾದರೂ ಒಂದು ಸಲ ಒತ್ತಿದರೂ ಕರ್ಸರ್ ಕದಲದೆ ಇದ್ದರೆ ಅಲ್ಲೇ ಅದು ಕೂತಿದೆ. ಕೆಲವು ಪ್ರೋಗ್ರಾಮ್‌ಗಳಲ್ಲಿ ಕರ್ಸರ್ ಅದನ್ನು ಹಾರಿಬಿಡುತ್ತದೆ. ಟರ್ಮಿನಲ್ಲಿನಲ್ಲಿ ಆ ಸಮಸ್ಯೆ ಇಲ್ಲ. ಮೇಲೆ ಎತ್ತಿದ ಪಟ್ಟಿಯನ್ನು `patti.txt` ಅಂತ ಉಳಿಸಿಕೊಂಡು:

```
LC_ALL=C grep -n '[^ -~]' patti.txt
```

ಕೀಬೋರ್ಡಿನ ಸಾದಾ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ ಬಿಟ್ಟು ಬೇರೆ ಏನಿದ್ದರೂ ಆ ಸಾಲು ಹೊರಬರುತ್ತದೆ. ಅಂಟಿಕೊಂಡ "ಗೆ" ಕೂಡ ಇಲ್ಲೇ ಸಿಗುತ್ತದೆ.

ಮೂರು, ಅಂಕಿ. ವಿಳಾಸದಲ್ಲೂ ಫೋನ್ ನಂಬರಿನಲ್ಲೂ 0 ರಿಂದ 9 ಬಳಸಿ. ಕನ್ನಡದ ಸೊನ್ನೆ `೦` ಇಂಗ್ಲಿಷಿನ `o` ಥರವೇ ಕಾಣುತ್ತದೆ, ಕಂಪ್ಯೂಟರಿಗೆ ಅವೆರಡೂ ಬೇರೆಬೇರೆ ಅಕ್ಷರ.

ಟೆಸ್ಟ್ ಮೇಲ್ ಕಳಿಸಿದೆ, ವಾಪಸ್ ಬರಲಿಲ್ಲ. ವಿಳಾಸ ಸರಿಯಿದೆ ಅಂತ ತಾನೇ?

ಅಲ್ಲ. ಮೇಲ್ ವಾಪಸ್ ಬರದೆ ಇರುವುದಕ್ಕೆ ಮೂರು ಬೇರೆ ಕಾರಣ ಇರಬಹುದು.

ಮೊದಲನೆಯದು, ಆ ಡೊಮೇನಿನವರು ಯಾವ ಹೆಸರಿಗೆ ಬಂದರೂ ಮೇಲ್ ತೆಗೆದುಕೊಳ್ಳುವ ಹಾಗೆ ಇಟ್ಟಿರಬಹುದು. `nondani` ಬದಲು `nondni` ಅಂತ ಕಳಿಸಿದರೂ ಅದು ಒಂದು ಪೆಟ್ಟಿಗೆಗೆ ಬೀಳುತ್ತದೆ, ಆ ಪೆಟ್ಟಿಗೆಯನ್ನು ಯಾರೂ ತೆರೆಯದೆ ಇರಬಹುದು. ಎರಡನೆಯದು, ಆಚೆಯ ಸರ್ವರ್ ಉತ್ತರ ಕೊಡದಿದ್ದರೆ ಕಳಿಸುವ ಸರ್ವರ್ ತಕ್ಷಣ ಕೈಬಿಡುವುದಿಲ್ಲ, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಇಮೇಲಿನ ನಿಯಮದ ಪ್ರಕಾರ ಇದು ನಾಲ್ಕೈದು ದಿನ ನಡೆಯಬಹುದು. ಒಂದು ಗಂಟೆ ಕಾದು ಸುಮ್ನೆ ಆದರೆ ಏನೂ ತಿಳಿಯುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ತಪ್ಪಾದ ಡೊಮೇನ್ ನಿಜವಾಗಿಯೂ ಬೇರೆ ಯಾರದ್ದೋ ಆಗಿರುತ್ತದೆ. ಅಮೆರಿಕದ ಸೇನೆಯ ವಿಳಾಸಗಳು `.mil` ಅಂತ ಕೊನೆಯಾಗುತ್ತವೆ, ಆಫ್ರಿಕಾದ ಮಾಲಿ ದೇಶದ್ದು `.ml`. ಒಂದು `i` ಬಿಟ್ಟುಹೋಗಿ ಸೇನೆಯವರಿಗೆ ಹೋಗಬೇಕಾದ ಮೇಲ್‌ಗಳು ವರ್ಷಗಟ್ಟಲೆ ಮಾಲಿಯ ಡೊಮೇನಿಗೆ ಹೋದವು ಎಂಬುದು 2023ರ ಜುಲೈನಲ್ಲಿ ದೊಡ್ಡ ಸುದ್ದಿಯಾಯಿತು. ಕಳಿಸಿದವರ ಸ್ಪೆಲ್ ಚೆಕ್ಕರ್ ಆ ವಿಳಾಸಗಳಲ್ಲಿ ತಪ್ಪು ಕಾಣುವ ಹಾಗಿರಲಿಲ್ಲ. `.co`, `.cm`, `.om` ಇವೂ ಹಾಗೇ, `.com`ನಲ್ಲಿ ಒಂದು ಅಕ್ಷರ ಬಿದ್ದುಹೋದರೂ ನಿಜವಾದ ದೇಶಗಳ ಕೋಡ್ ಆಗುತ್ತವೆ.

ಹಾಗಾಗಿ ವಾಪಸ್ ಬಂದ ಮೇಲ್ ತಪ್ಪಿಗೆ ಸಾಕ್ಷಿ. `550 5.1.1` ಅಂತ ಇದ್ದರೆ ಸಾಮಾನ್ಯವಾಗಿ `@`ಗಿಂತ ಮುಂಚಿನ ಭಾಗ ಅಲ್ಲಿ ಇಲ್ಲ ಅಂತ ಅರ್ಥ. ಡೊಮೇನ್ ಸಿಗಲಿಲ್ಲ ಅಂತ ಬಂದರೆ ನಂತರದ ಭಾಗ ನೋಡಿ. ಆದರೆ ಸರಿಯಿದೆ ಎಂಬುದಕ್ಕೆ ಸಾಕ್ಷಿ ಒಂದೇ: ಆ ಕಡೆಯ ಮನುಷ್ಯ "ಬಂತು" ಅಂತ ಉತ್ತರ ಬರೆಯಬೇಕು.

ವಿಳಾಸದಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ವ್ಯತ್ಯಾಸ ಆಗುತ್ತದಾ?

ಡೊಮೇನಿನಲ್ಲಿ ಆಗುವುದಿಲ್ಲ. `@`ಗಿಂತ ಮುಂಚಿನ ಭಾಗದಲ್ಲೂ ವಾಸ್ತವದಲ್ಲಿ ಬಹುತೇಕ ಆಗುವುದಿಲ್ಲ. ಲಿಂಕಿನಲ್ಲಿ ಡೊಮೇನ್ ಮುಗಿದ ಮೇಲಿನ ಭಾಗದಲ್ಲಿ ಆಗಬಹುದು: `/nondani` ತೆರೆಯುವ ಕಡೆ `/Nondani` ತೆರೆಯದೆ ಇರಬಹುದು. ಶೀರ್ಷಿಕೆಯಲ್ಲಿ ಎಲ್ಲವನ್ನೂ ದೊಡ್ಡ ಅಕ್ಷರ ಮಾಡುವ ವಿನ್ಯಾಸಕಾರರಿಗೆ ಇದನ್ನು ಮೊದಲೇ ಹೇಳಿಡಿ.

ಲಿಂಕ್ ನೋಡಲು ಸರಿಯಿದೆ, ಒತ್ತಿದರೆ ಬೇರೆ ಕಡೆ ಹೋಗುತ್ತದೆ. ಏನಾಗಿದೆ?

ಲಿಂಕಿನಲ್ಲಿ ಎರಡು ಭಾಗ ಇದೆ: ಕಣ್ಣಿಗೆ ಕಾಣುವ ಬರಹ, ಒಳಗೆ ಅಡಗಿರುವ ವಿಳಾಸ. ಹಳೆಯ ದಾಖಲೆಯನ್ನು ತಿದ್ದುವಾಗ ನಾವು ಮೇಲಿನ ಬರಹವನ್ನಷ್ಟೇ ಬದಲಿಸುತ್ತೇವೆ. ಒಳಗಿನದು ಹಳೆಯದೇ ಉಳಿಯುತ್ತದೆ:

```
<a href="https://example.org/shibira-2023">example.org/shibira-2024</a>
```

ಓದಿದವರಿಗೆ 2024 ಕಾಣುತ್ತದೆ, ಒತ್ತಿದವರಿಗೆ 2023 ತೆರೆಯುತ್ತದೆ. ಮೌಸ್ ಬಾಣವನ್ನು ಲಿಂಕಿನ ಮೇಲೆ ಇಟ್ಟರೆ ಬ್ರೌಸರಿನ ಕೆಳಮೂಲೆಯಲ್ಲಿ ಒಳಗಿನ ವಿಳಾಸ ಬರುತ್ತದೆ. ವರ್ಡ್‌ನಲ್ಲಿ `Alt+F9` ಒತ್ತಿದರೆ ಎಲ್ಲ ಲಿಂಕುಗಳ ಒಳವಿಳಾಸ ಒಟ್ಟಿಗೆ ತೆರೆದುಕೊಳ್ಳುತ್ತವೆ, ಮತ್ತೆ ಒತ್ತಿದರೆ ಮುಚ್ಚಿಕೊಳ್ಳುತ್ತವೆ. ಇಮೇಲ್ ಲಿಂಕಿಗೂ ಇದೇ ಮಾತು: ಬರಹ ತಿದ್ದಿದರೂ `mailto:` ನಂತರ ಹಳಬರ ವಿಳಾಸ ಉಳಿದಿರುತ್ತದೆ.

ಇನ್ನೊಂದು ತಪ್ಪು ವೆಬ್ ಪುಟಗಳಲ್ಲಿ ಜಾಸ್ತಿ. ಮೊದಲಿಗೆ `https://` ಹಾಕದೆ `href="www.example.org"` ಅಂತ ಬಿಟ್ಟರೆ ಬ್ರೌಸರ್ ಅದನ್ನು ನಿಮ್ಮದೇ ತಾಣದ ಒಳಗಿನ ಒಂದು ಪುಟದ ಹೆಸರು ಅಂದುಕೊಳ್ಳುತ್ತದೆ. ತೆರೆದ ವಿಳಾಸದಲ್ಲಿ ನಿಮ್ಮ ತಾಣದ ಹೆಸರು, ಅದರ ಬಾಲಕ್ಕೆ `www.example.org` ಕಂಡರೆ ಕಾರಣ ಇದೇ.

ಲಿಂಕ್ ಚೆಕ್ಕರ್ ಓಡಿಸಿದರೆ ಎಲ್ಲ ಸಿಕ್ಕಿಬಿಡುತ್ತದಾ?

ಸತ್ತ ಲಿಂಕುಗಳು ಸಿಗುತ್ತವೆ. 404 ಅಂತ ಬಂದರೆ ಪುಟ ಇಲ್ಲ. ಆದರೆ 200 ಅಂತ ಬಂದರೆ ಏನೋ ಒಂದು ಪುಟ ಇದೆ ಅಂತ ಮಾತ್ರ ಅರ್ಥ, ನಿಮ್ಮ ಪುಟವೇ ಅಂತ ಅಲ್ಲ. ಮೇಲಿನ 2023ರ ಲಿಂಕ್ ಜೀವಂತವಾಗಿದ್ದರೆ ಚೆಕ್ಕರ್ ಅದಕ್ಕೆ ಸರಿ ಅಂತಲೇ ಹೇಳುತ್ತದೆ. ಅಕ್ಷರ ತಪ್ಪಿದ ಡೊಮೇನನ್ನು ಯಾರೋ ಕೊಂಡು ಜಾಹೀರಾತು ತುಂಬಿಸಿದ್ದರೂ ಅಷ್ಟೇ. ಚೆಕ್ಕರ್ ಓಡಿಸಿ, ಆಮೇಲೆ ಉಳಿದ ಲಿಂಕುಗಳನ್ನು ತೆರೆದು ಪುಟದ ಶೀರ್ಷಿಕೆ ಓದಿ.

ಫೋನ್ ನಂಬರ್ ಹೇಗೆ ಪರೀಕ್ಷಿಸುವುದು?

ಮೂರರಲ್ಲಿ ಇದೇ ಕಷ್ಟದ್ದು. ಬ್ಯಾಂಕ್ ಕಾರ್ಡಿನ ನಂಬರಿನಲ್ಲಿ ಕೊನೆಯ ಅಂಕಿಯನ್ನು ಉಳಿದವುಗಳಿಂದ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ, ಯಂತ್ರ ತಕ್ಷಣ ನಿರಾಕರಿಸುತ್ತದೆ. ಫೋನ್ ನಂಬರಿನಲ್ಲಿ ಅಂಥ ಕಾವಲು ಅಂಕಿ ಇಲ್ಲ. ಒಂದು ಅಂಕಿ ತಪ್ಪಿದರೆ ಅದು ಬೇರೊಬ್ಬರ ನಂಬರ್ ಆಗಿಬಿಡಬಹುದು.

ಅಂಕಿಗಳನ್ನು ನಕಲು ಮಾಡುವಾಗ ಜನ ಮಾಡುವ ತಪ್ಪುಗಳನ್ನು ಡಚ್ ಗಣಿತಜ್ಞ ವರ್ಹೋಫ್ 1969ರಲ್ಲಿ ವಿಂಗಡಿಸಿದ್ದರು. ಒಂದು ಅಂಕಿಯ ಬದಲು ಇನ್ನೊಂದು ಬರುವುದು ಎಲ್ಲಕ್ಕಿಂತ ಜಾಸ್ತಿ, ಪಕ್ಕದ ಎರಡು ಅಂಕಿ ಅದಲುಬದಲಾಗುವುದು ಅದರ ನಂತರದ್ದು. ಎರಡರಲ್ಲೂ ಅಂಕಿಗಳ ಸಂಖ್ಯೆ ಬದಲಾಗುವುದಿಲ್ಲ. ಹಾಗಾಗಿ ಅಂಕಿ ಎಣಿಸಿ ನೋಡುವುದರಿಂದ ಬಿಟ್ಟುಹೋದದ್ದು, ಹೆಚ್ಚಾಗಿ ಸೇರಿದ್ದು ಮಾತ್ರ ಸಿಗುತ್ತದೆ.

`+1 202 555 0143` ಅಂತ ಒಂದು ನಂಬರ್ ಮೂರು ಕಡೆ ಇರಬೇಕು ಅಂತಿಟ್ಟುಕೊಳ್ಳಿ. ಪೂರ್ತಿ ನಂಬರ್ ಹುಡುಕಿದರೆ ಅಂತರ ಬಿಟ್ಟ ಕ್ರಮ ಬೇರೆ ಇರುವ ಕಡೆ ಸಿಗುವುದಿಲ್ಲ, `202-555-0143` ತಪ್ಪಿಸಿಕೊಳ್ಳುತ್ತದೆ. ಕೊನೆಯ ನಾಲ್ಕು ಅಂಕಿ `0143` ಹುಡುಕಿ. ಎರಡೇ ಸಿಕ್ಕರೆ ಮೂರನೆಯ ಕಡೆ ಹೋಗಿ ನೋಡಿ, ಅಲ್ಲಿ `0134` ಇರಬಹುದು. ಆಮೇಲೆ `202`, `555` ಅಂತ ಉಳಿದ ಗುಂಪುಗಳನ್ನೂ ಹೀಗೇ ಹುಡುಕಿ.

ಕೊನೆಗೆ ಕರೆ ಮಾಡಿ. ನಿಮ್ಮ ಫೋನಿನಲ್ಲಿ ಉಳಿಸಿಟ್ಟ ಹೆಸರನ್ನು ಒತ್ತಬೇಡಿ, ಕರಡಿನಲ್ಲಿ ಅಚ್ಚಾಗಿರುವ ಅಂಕಿಗಳನ್ನು ನೋಡಿಕೊಂಡು ಒತ್ತಿ. ಆ ನಂಬರ್ ನಿಮಗೆ ಬಾಯಿಪಾಠ ಇದ್ದರೆ ಬೇರೆಯವರ ಕೈಯಲ್ಲಿ ಮಾಡಿಸಿ. ಎತ್ತಿದವರು ಯಾರು ಅಂತ ಕೇಳಿ.

ಫೈಲಿನಲ್ಲಿ ಎಲ್ಲ ಸರಿಯಿತ್ತು, ಅಚ್ಚಾದ ಮೇಲೆ ತಪ್ಪಾಗಿದೆ. ಹೇಗೆ?

ಸಾಲು ಮುರಿದಾಗ ಹೀಗಾಗುತ್ತದೆ. ಉದ್ದನೆಯ ಲಿಂಕ್ ಸಾಲಿನಲ್ಲಿ ಹಿಡಿಸದಿದ್ದರೆ ಪುಟ ವಿನ್ಯಾಸದ ಪ್ರೋಗ್ರಾಮ್ ಮಧ್ಯೆ ಮುರಿದು ಒಂದು ಅಡ್ಡಗೆರೆ ಸೇರಿಸುತ್ತದೆ. ಆ ಗೆರೆ ವಿಳಾಸದ್ದೋ ಮುರಿದದ್ದಕ್ಕೆ ಬಂದದ್ದೋ ಓದುಗರಿಗೆ ತಿಳಿಯುವುದಿಲ್ಲ. ಲಿಂಕಿಗೆ ಹೈಫನೇಶನ್ ನಿಲ್ಲಿಸಿ, ಮುರಿಯಲೇಬೇಕಾದರೆ `/` ಆದ ಮೇಲೆ ಮುರಿಯಿರಿ. ಪರೀಕ್ಷೆಯನ್ನು ವರ್ಡ್ ಫೈಲಿನ ಮೇಲೆ ಮಾಡಿ ಬಿಡಬೇಡಿ, ಅಚ್ಚಿಗೆ ಹೋಗುವ ಪಿಡಿಎಫ್ ಮೇಲೆಯೇ ಇನ್ನೊಮ್ಮೆ ಮಾಡಿ. ಕ್ಯೂಆರ್ ಕೋಡ್ ಇದ್ದರೆ ಅದನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ತೆಗೆದು ಫೋನಿನಿಂದ ಸ್ಕ್ಯಾನ್ ಮಾಡಿ.

ಮಾದರಿಗೆ ಯಾವ ವಿಳಾಸ, ನಂಬರ್ ಬಳಸಬೇಕು?

`abc@xyz.com` ಬಳಸಬೇಡಿ, ಆ ಡೊಮೇನ್ ನಿಜವಾಗಿ ಇನ್ನೊಬ್ಬರದ್ದು. `example.com`, `example.net`, `example.org` ಇವನ್ನು 1999ರಲ್ಲೇ ಉದಾಹರಣೆಗಳಿಗೆ ಅಂತ ಎತ್ತಿಟ್ಟಿದ್ದಾರೆ, ಯಾರೂ ಕೊಳ್ಳುವ ಹಾಗಿಲ್ಲ. ಉತ್ತರ ಅಮೆರಿಕದ ನಂಬರುಗಳಲ್ಲಿ `555-0100`ರಿಂದ `555-0199`ರವರೆಗೆ ಕಥೆ, ಸಿನಿಮಾಗಳಿಗೆ ಅಂತ ಮೀಸಲು. ಇನ್ನೊಂದು ಲಾಭವೂ ಇದೆ. ಕೊನೆಯ ಕರಡಿನಲ್ಲಿ `example` ಅಂತ ಹುಡುಕಿದರೆ, ಬದಲಿಸಲು ಮರೆತ ಮಾದರಿ ವಿಳಾಸಗಳೆಲ್ಲ ಒಂದೇ ಏಟಿಗೆ ಸಿಗುತ್ತವೆ.

ಹಂಚಿದ ಮೇಲೆ ತಪ್ಪು ಗೊತ್ತಾಯಿತು. ಈಗ ಏನು ಮಾಡುವುದು?

ತಪ್ಪು ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. `@`ಗಿಂತ ಮುಂಚೆ ತಪ್ಪಿದ್ದು ಡೊಮೇನ್ ನಿಮ್ಮದೇ ಆಗಿದ್ದರೆ ಸುಲಭ. ಮೇಲ್ ನೋಡಿಕೊಳ್ಳುವವರಿಗೆ ಹೇಳಿ ಆ ತಪ್ಪು ಹೆಸರಿಗೂ ಒಂದು ಅಲಿಯಾಸ್ ಮಾಡಿಸಿ, ಬಂದದ್ದು ಸರಿಯಾದ ಪೆಟ್ಟಿಗೆಗೆ ಬೀಳುತ್ತದೆ. ಲಿಂಕಿನಲ್ಲಿ ಡೊಮೇನ್ ಆದ ಮೇಲಿನ ಭಾಗ ತಪ್ಪಿದ್ದರೆ ಆ ತಪ್ಪು ವಿಳಾಸದಿಂದ ಸರಿಯಾದದ್ದಕ್ಕೆ ರೀಡೈರೆಕ್ಟ್ ಹಾಕಿಸಿ. ಎರಡೂ ಕೆಲವೇ ನಿಮಿಷಗಳ ಕೆಲಸ, ಹಂಚಿದ ಪ್ರತಿಗಳನ್ನು ವಾಪಸ್ ತರಿಸಬೇಕಾಗಿಲ್ಲ.

ಡೊಮೇನೇ ತಪ್ಪಿದ್ದರೆ ಆ ತಪ್ಪು ಹೆಸರು ಖಾಲಿ ಇದೆಯೇ ನೋಡಿ, ಇದ್ದರೆ ಕೊಂಡು ನಿಮ್ಮ ಕಡೆ ತಿರುಗಿಸಬಹುದು. ಬೇರೆಯವರದ್ದಾಗಿದ್ದರೆ ತಿದ್ದುಪಡಿ ಹೊರಡಿಸುವುದೊಂದೇ ದಾರಿ.

ಫೋನ್ ನಂಬರ್ ತಪ್ಪಾಗಿದ್ದರೆ ತಾಂತ್ರಿಕ ಪರಿಹಾರ ಯಾವುದೂ ಇಲ್ಲ. ತಿದ್ದುಪಡಿಯನ್ನು ಆದಷ್ಟು ಬೇಗ ಕಳಿಸಿ, ಉಳಿದ ಪ್ರತಿಗಳ ಮೇಲೆ ಸರಿಯಾದ ನಂಬರಿನ ಚೀಟಿ ಅಂಟಿಸಿ. ಅದಕ್ಕೂ ಮೊದಲು ಆ ತಪ್ಪು ನಂಬರಿಗೆ ನೀವೇ ಒಂದು ಕರೆ ಮಾಡಿ. ಆ ಕಡೆ ಇರುವವರಿಗೆ ಕ್ಷಮೆ ಕೇಳಿ, ಏನಾಗಿದೆ ಅಂತ ತಿಳಿಸಿ, ಯಾರಾದರೂ ಕೇಳಿದರೆ ಕೊಡಲು ಸರಿಯಾದ ನಂಬರ್ ಬರೆಸಿ.